ಒಂದೇ ಪಿಪಿಟಿ, ಐದು ಜನರ ಕೈ

ಸೆಪ್ಟೆಂಬರ್ ಬಂತೆಂದರೆ ಸಹಕಾರ ಸಂಘಗಳಿಗೆ ಮಹಾಸಭೆಯ ಕಾಲ. ಹಿಂದೆ ವಾರ್ಷಿಕ ವರದಿಯನ್ನು ಅಚ್ಚು ಹಾಕಿಸಿ ಹಂಚಿದರೆ ಮುಗಿಯುತ್ತಿತ್ತು. ಈಗ ಎಷ್ಟೋ ಕಡೆ ಪರದೆ ಕಟ್ಟಿ, ಪ್ರೊಜೆಕ್ಟರ್ ಇಟ್ಟು, ಪಿಪಿಟಿ ತೋರಿಸಬೇಕು. ಪಿಪಿಟಿಯೋ ಒಬ್ಬರಿಂದ ಆಗುವ ಕೆಲಸವಲ್ಲ. ಜಮಾಖರ್ಚು ಲೆಕ್ಕಿಗರ ಹತ್ತಿರ, ಗೊಬ್ಬರ ಮಾರಾಟದ ಅಂಕಿ ಗೋದಾಮಿನವರ ಹತ್ತಿರ, ಫೋಟೊಗಳು ಯಾರದೋ ಮೊಬೈಲಿನಲ್ಲಿ, ಅಧ್ಯಕ್ಷರ ಮಾತು ಅಧ್ಯಕ್ಷರ ತಲೆಯಲ್ಲಿ.

ಮಲೆನಾಡಿನ ಒಂದು ಅಡಿಕೆ ಬೆಳೆಗಾರರ ಸಂಘ ಎಂದಿಟ್ಟುಕೊಳ್ಳೋಣ. ಇಪ್ಪತ್ತನಾಲ್ಕು ಸ್ಲೈಡುಗಳ ಪಿಪಿಟಿ ಆಗಬೇಕು. ಕೆಲಸ ಮಾಡುವವರು ಐದು ಜನ: ಕಾರ್ಯದರ್ಶಿ, ಲೆಕ್ಕಿಗರು, ಗೋದಾಮಿನ ಮೇಲ್ವಿಚಾರಕರು, ನಿರ್ದೇಶಕರೊಬ್ಬರ ಕಾಲೇಜು ಓದುವ ಮಗಳು ಮತ್ತು ಎಲ್ಲವನ್ನೂ ಮೊಬೈಲಿನಲ್ಲೇ ನೋಡುವ ಅಧ್ಯಕ್ಷರು. ಕಾರ್ಯದರ್ಶಿ ಗೂಗಲ್ ಸ್ಲೈಡ್ಸ್‌ನಲ್ಲಿ ಫೈಲು ತೆರೆದು, ಅದರ ಲಿಂಕನ್ನು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ನಾಲ್ಕಾರು ದಿನ ಕಳೆಯುವುದರೊಳಗೆ ಗುಂಪಿನಲ್ಲಿ ಎರಡು ದೂರು ಬರುತ್ತವೆ. "ನಾನು ಮಾಡಿಟ್ಟಿದ್ದ ಸ್ಲೈಡು ಎಲ್ಲಿ ಹೋಯ್ತು ಸರ್, ಯಾರು ಅಳಿಸಿದ್ದು?" ಎನ್ನುವುದು ಒಂದು. "ಅಕ್ಷರ, ಬಣ್ಣ ಎಲ್ಲ ಯಾಕೆ ಹಿಂಗಾಗಿದೆ?" ಎನ್ನುವುದು ಇನ್ನೊಂದು.

ಇಬ್ಬರು ಒಂದೇ ಹೊತ್ತಿನಲ್ಲಿ ಟೈಪು ಮಾಡಿದ್ದರಿಂದ ಹೀಗಾಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅದೊಂದು ವಿಷಯದಲ್ಲಿ ಮಾತ್ರ ತಂತ್ರಾಂಶದ ತಪ್ಪು ಬಹಳ ಕಡಿಮೆ.

ಇಬ್ಬರು ಒಂದೇ ಸಾಲಿನಲ್ಲಿ ಬರೆದರೆ

ಸ್ಲೈಡಿನಲ್ಲಿ "ಈ ವರ್ಷದ ಲಾಭ" ಎಂಬ ಸಾಲಿದೆ. ಕಾರ್ಯದರ್ಶಿ "ಲಾಭ"ದ ಹಿಂದೆ "ನಿವ್ವಳ" ಎಂದು ಸೇರಿಸುತ್ತಾರೆ. ಅದೇ ಕ್ಷಣದಲ್ಲಿ ಲೆಕ್ಕಿಗರು ಸಾಲಿನ ಕೊನೆಗೆ ಮೊತ್ತವನ್ನು ಬರೆಯುತ್ತಾರೆ. ಇಬ್ಬರ ಕಂಪ್ಯೂಟರುಗಳೂ ಇಡೀ ಸ್ಲೈಡನ್ನು ಗೂಗಲಿಗೆ ಕಳಿಸುವುದಿಲ್ಲ. ಏನು ಬದಲಾಯಿತೋ ಅಷ್ಟನ್ನೇ ಒಂದು ಪುಟ್ಟ ಆದೇಶವಾಗಿ ಕಳಿಸುತ್ತವೆ. ಲೆಕ್ಕಿಗರ ಆದೇಶ "ಹನ್ನೊಂದನೇ ಸ್ಥಾನದ ನಂತರ ಇದನ್ನು ಸೇರಿಸು" ಎಂದಿರುತ್ತದೆ. ಆದರೆ ಅಷ್ಟರಲ್ಲಿ ಕಾರ್ಯದರ್ಶಿಯ "ನಿವ್ವಳ" ನಡುವೆ ಬಂದು ಕೂತಿದೆ. ನಮ್ಮ ಕಣ್ಣಿಗೆ ಅದು ಮೂರಕ್ಷರ. ಕಂಪ್ಯೂಟರಿಗೆ ನ, ಗುಡಿಸು, ವ, ವಿರಾಮ ಚಿಹ್ನೆ, ಇನ್ನೊಂದು ವ, ಳ ಎಂದು ಆರು ಸಂಕೇತ, ಜೊತೆಗೊಂದು ಖಾಲಿ ಜಾಗ, ಒಟ್ಟು ಏಳು. ಹಾಗಾಗಿ ಸರ್ವರ್ ಲೆಕ್ಕಿಗರ ಆದೇಶದಲ್ಲಿದ್ದ ಹನ್ನೊಂದನ್ನು ಹದಿನೆಂಟು ಎಂದು ತಿದ್ದಿಕೊಂಡು ಜಾರಿ ಮಾಡುತ್ತದೆ. ಇಬ್ಬರ ಬರಹವೂ ಸರಿಯಾದ ಜಾಗದಲ್ಲಿ ಉಳಿಯುತ್ತದೆ.

ಈ ಉಪಾಯವೇನೂ ಹೊಸದಲ್ಲ. ಎಲಿಸ್ ಮತ್ತು ಗಿಬ್ಸ್ ಎಂಬ ಇಬ್ಬರು ಸಂಶೋಧಕರು 1989ರಲ್ಲೇ ಇದನ್ನು ವಿವರಿಸಿ ಪ್ರಬಂಧ ಬರೆದಿದ್ದರು. ಅಂದಿನಿಂದ ತಿದ್ದಿ ತೀಡಿದ್ದರಿಂದ ಅಕ್ಷರಗಳ ಮಟ್ಟದಲ್ಲಿ ಇದು ಗಟ್ಟಿಯಾಗಿ ನಿಂತಿದೆ.

ತೊಂದರೆ ಅಕ್ಷರಗಳಿಂದ ಮೇಲಕ್ಕೆ ಬಂದಾಗ ಶುರುವಾಗುತ್ತದೆ. ಫೋಟೊ, ಚೌಕ, ಕೋಷ್ಟಕ, ಇಡೀ ಸ್ಲೈಡು, ಇವೆಲ್ಲ ವಸ್ತುಗಳು. ಒಂದೇ ಫೋಟೊವನ್ನು ಒಬ್ಬರು ಎಡಕ್ಕೆ, ಇನ್ನೊಬ್ಬರು ಬಲಕ್ಕೆ ಸರಿಸಿದರೆ ಎರಡನ್ನೂ ಉಳಿಸುವ ದಾರಿಯೇ ಇಲ್ಲ; ಸರ್ವರಿಗೆ ಕೊನೆಯಲ್ಲಿ ಮುಟ್ಟಿದ್ದು ಉಳಿಯುತ್ತದೆ. ಒಬ್ಬರು ಬರೆಯುತ್ತಿರುವ ಸ್ಲೈಡನ್ನು ಇನ್ನೊಬ್ಬರು ಅಳಿಸಿದರೆ ಬರೆಯುತ್ತಿದ್ದ ಸಾಲುಗಳೂ ಅದರ ಜೊತೆಗೇ ಹೋಗುತ್ತವೆ. ತಂತ್ರಾಂಶದ ಪ್ರಕಾರ ಅದರಲ್ಲಿ ತಪ್ಪೇನಿಲ್ಲ. ಅಳಿಸು ಅಂದರು, ಅಳಿಸಿತು.

ಕೆಲಸ ಕಳೆದುಹೋಗುವ ಹೆಚ್ಚಿನ ಪ್ರಸಂಗಗಳು ಹೀಗೇ ನಡೆಯುತ್ತವೆ. ಗೋದಾಮಿನವರು ಏಳನೇ ಸ್ಲೈಡು ಕೆಡಬಾರದೆಂದು ಅದರ ನಕಲು ತೆಗೆದು, ನಕಲಿನಲ್ಲೇ ತಿದ್ದಲು ಶುರುಮಾಡುತ್ತಾರೆ. ಅತ್ತ ಕಾರ್ಯದರ್ಶಿಗೆ ಒಂದರ ಪಕ್ಕ ಒಂದು ಒಂದೇ ಥರದ ಎರಡು ಸ್ಲೈಡು ಕಾಣುತ್ತವೆ. "ಇದ್ಯಾಕೆ ಎರಡೆರಡು ಸಲ ಬಂದಿದೆ" ಎಂದು ಒಂದನ್ನು ತೆಗೆದುಹಾಕುತ್ತಾರೆ. ಅವರು ತೆಗೆದದ್ದು ಹೊಸದನ್ನು. ಎಚ್ಚರಿಕೆಗೆಂದು ನಕಲು ಮಾಡಿದವರೇ ನಷ್ಟಕ್ಕೂ ದಾರಿ ಮಾಡಿಕೊಟ್ಟಂತಾಯಿತು.

ಇದಕ್ಕೆ ಪರಿಹಾರವನ್ನು ತಂತ್ರಾಂಶದಲ್ಲಿ ಹುಡುಕಬೇಕಾಗಿಲ್ಲ. ಪ್ರತಿ ಸ್ಲೈಡಿಗೂ ಒಬ್ಬರೇ ಯಜಮಾನರಿರಬೇಕು. ಫೈಲಿನ ಮೊದಲಲ್ಲೇ ಒಂದು ಸ್ಲೈಡು ಹಾಕಿ, ಒಂದರಿಂದ ನಾಲ್ಕು ಕಾರ್ಯದರ್ಶಿ, ಐದರಿಂದ ಹನ್ನೆರಡು ಲೆಕ್ಕಿಗರು ಎಂದು ಬರೆದಿಡಬೇಕು. ಸ್ಲೈಡು ಸೇರಿದರೆ ಸಂಖ್ಯೆ ಬದಲಾಗುವುದರಿಂದ ಜೊತೆಗೆ ಶೀರ್ಷಿಕೆಯನ್ನೂ ಬರೆಯಬೇಕು. ಆ ಸ್ಲೈಡಿನ ಮೇಲೆ ಬಲಗುಂಡಿ ಒತ್ತಿ `Skip slide` ಎಂದರೆ ಸಭೆಯಲ್ಲಿ ಅದು ಪರದೆಗೆ ಬರುವುದಿಲ್ಲ. ಬೇರೆಯವರ ಸ್ಲೈಡಿನಲ್ಲಿ ತಪ್ಪು ಕಂಡವರು ಅದನ್ನು ತಿದ್ದದೆ, ಟಿಪ್ಪಣಿ ಹಾಕಬೇಕು. ಗೂಗಲ್ ಡಾಕ್ಸ್‌ನಲ್ಲಿ "ಸಲಹೆ" ರೂಪದಲ್ಲಿ ತಿದ್ದುವ ಅನುಕೂಲವಿದೆ, ಯಜಮಾನರು ಒಪ್ಪಿದರಷ್ಟೇ ಅದು ಉಳಿಯುತ್ತದೆ. ಸ್ಲೈಡ್ಸ್‌ನಲ್ಲಿ ಅದಿಲ್ಲ; ತಿದ್ದಿದರೆ ತಿದ್ದಿದಂತೆ. ಆದ್ದರಿಂದ `Ctrl+Alt+M` ಒತ್ತಿ, @ ಗುರುತಿನ ಜೊತೆ ಅವರ ಮಿಂಚಂಚೆ ಸೇರಿಸಿ ಬರೆದರೆ ಅವರಿಗೆ ನೇರವಾಗಿ ಸುದ್ದಿ ಹೋಗುತ್ತದೆ.

ಅಧ್ಯಕ್ಷರಿಗೆ ಮೊದಲಿಂದಲೂ `Commenter` ಹಕ್ಕು ಸಾಕು. ಇದರಲ್ಲಿ ಅಗೌರವವೇನಿಲ್ಲ. ಮೊಬೈಲಿನಲ್ಲಿ ಬೆರಳಾಡಿಸಿ ಓದುವವರು ತಿಳಿಯದೆ ಕೋಷ್ಟಕವನ್ನು ಎಳೆದು ಮೂಲೆಗೆ ತಳ್ಳುವುದು ಬಹಳ ಸುಲಭ. ಇನ್ನು ಲಿಂಕ್ ಇದ್ದವರೆಲ್ಲ ತಿದ್ದಬಹುದು ಎಂಬ ಹಕ್ಕು ಕೊಟ್ಟು ವಾಟ್ಸಾಪಿಗೆ ಹಾಕುವ ಅಭ್ಯಾಸವನ್ನಂತೂ ಬಿಡಲೇಬೇಕು. ಗೂಗಲ್ ಖಾತೆಗೆ ಲಾಗಿನ್ ಆಗದೆ ಒಳಬಂದವರು ಫೈಲಿನ ಮೇಲ್ತುದಿಯಲ್ಲಿ ಹೆಸರಿಲ್ಲದ ಪ್ರಾಣಿಗಳ ಚಿತ್ರವಾಗಿ ಕಾಣುತ್ತಾರೆ. ಅವರು ಏನಾದರೂ ಅಳಿಸಿದರೆ ಯಾರನ್ನು ಕೇಳುವುದು?

ಚೆಂದ ಎಲ್ಲಿ ಉಳಿದಿರುತ್ತದೆ

ಎರಡನೇ ದೂರು, ಅಂದರೆ ಅಕ್ಷರ ಬಣ್ಣ ಕೆಡುವುದು, ಇದಕ್ಕಿಂತ ಸೂಕ್ಷ್ಮ. ಇದನ್ನು ಅರ್ಥ ಮಾಡಿಕೊಳ್ಳಲು ಒಂದು ಸ್ಲೈಡಿನ ಶೀರ್ಷಿಕೆಯ ಅಳತೆ ಎಲ್ಲಿ ಬರೆದಿರುತ್ತದೆ ಎಂದು ನೋಡಬೇಕು.

ಸರಿಯಾಗಿ ಮಾಡಿದ ಪಿಪಿಟಿಯಲ್ಲಿ ಅದು ಸ್ಲೈಡಿನಲ್ಲಿ ಇರುವುದೇ ಇಲ್ಲ. ಸ್ಲೈಡು ತನ್ನ ಲೇಔಟನ್ನು ಕೇಳುತ್ತದೆ. ಲೇಔಟಿನಲ್ಲೂ ಬರೆದಿಲ್ಲದಿದ್ದರೆ ಅದು ತನ್ನ ಮಾಸ್ಟರನ್ನು ಕೇಳುತ್ತದೆ. ಮಾಸ್ಟರಿನಲ್ಲಿ "ಶೀರ್ಷಿಕೆ 36, ಕಡುಹಸಿರು" ಎಂದಿದ್ದರೆ ಇಪ್ಪತ್ತನಾಲ್ಕು ಸ್ಲೈಡುಗಳೂ ಅದನ್ನು ಪಾಲಿಸುತ್ತವೆ. ನಾಳೆ ಮಾಸ್ಟರಿನಲ್ಲಿ 32 ಎಂದು ಬದಲಿಸಿದರೆ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ಗೂಗಲ್ ಸ್ಲೈಡ್ಸ್‌ನಲ್ಲಿ ಈ ಮಾಸ್ಟರ್ `View > Theme builder` ಒಳಗಿದೆ, ಪವರ್‌ಪಾಯಿಂಟಿನಲ್ಲಿ `View > Slide Master` ಒಳಗೆ.

ಆದರೆ ಯಾರಾದರೂ ಸ್ಲೈಡಿಗೇ ಹೋಗಿ, ಶೀರ್ಷಿಕೆ ಉದ್ದವಾಯಿತೆಂದು ಅದನ್ನು ಆರಿಸಿ 28 ಎಂದು ಮಾಡಿದರೆ, ಆ ಕ್ಷಣದಿಂದ ಆ ಸ್ಲೈಡು ಅಳತೆಯ ವಿಷಯದಲ್ಲಿ ಮಾಸ್ಟರಿನ ಮಾತು ಕೇಳುವುದಿಲ್ಲ. ಕಣ್ಣಿಗೆ ಅಷ್ಟೇನೂ ಗೊತ್ತಾಗುವುದಿಲ್ಲ. ಐದು ಜನ ತಲಾ ನಾಲ್ಕೈದು ಕಡೆ ಹೀಗೆ ಮಾಡಿದ ಮೇಲೆ, ಕೊನೆಯ ದಿನ "ಬಣ್ಣ ಸ್ವಲ್ಪ ಬದಲಿಸೋಣ" ಎಂದಾಗ ಅರ್ಧ ಸ್ಲೈಡು ಬದಲಾಗಿ, ಅರ್ಧ ಹಾಗೇ ಉಳಿಯುತ್ತವೆ.

ಇದಕ್ಕಿಂತ ಕೆಟ್ಟದ್ದು ಬಿಡಿ ಚೌಕ. ಲೇಔಟಿನಿಂದ ಬಂದ ಜಾಗದಲ್ಲಿ ಬರೆಯುವ ಬದಲು, ಖಾಲಿ ಸ್ಲೈಡು ತೆಗೆದುಕೊಂಡು `Text box` ಎಳೆದು ಅದರಲ್ಲಿ ಶೀರ್ಷಿಕೆ ಬರೆಯುವವರು ನಮ್ಮಲ್ಲಿ ಬಹಳ. ನೋಡಲು ಶೀರ್ಷಿಕೆಯಂತೆಯೇ ಇರುತ್ತದೆ, ಆದರೆ ತಂತ್ರಾಂಶಕ್ಕೆ ಅದು ಶೀರ್ಷಿಕೆಯೇ ಅಲ್ಲ, ಎಲ್ಲೋ ಬಿದ್ದಿರುವ ಒಂದು ಚೌಕ. ಮಾಸ್ಟರಿನಲ್ಲಿ ಶೀರ್ಷಿಕೆಯ ಅಳತೆ, ಜಾಗ ಏನು ಬದಲಿಸಿದರೂ ಅದಕ್ಕೆ ತಾಗುವುದಿಲ್ಲ. ಗುರುತು ಹಿಡಿಯುವುದು ಸುಲಭ: ಒಳಗಿನ ಬರಹವನ್ನೆಲ್ಲ ಅಳಿಸಿ ಹೊರಗೆ ಒತ್ತಿ ನೋಡಿ. ನಿಜವಾದ ಜಾಗವಾದರೆ `Click to add title` ಎಂದು ತೋರಿಸುತ್ತದೆ. ಬಿಡಿ ಚೌಕವಾದರೆ ಏನೂ ಉಳಿಯುವುದಿಲ್ಲ. ನೋಡಿದ ಮೇಲೆ `Ctrl+Z` ಒತ್ತಿ ಬರಹವನ್ನು ಮರಳಿ ತನ್ನಿ.

ಇಡೀ ಫೈಲನ್ನು ಒಟ್ಟಿಗೆ ಪರೀಕ್ಷಿಸುವ ಇನ್ನೊಂದು ಉಪಾಯವಿದೆ, ನನಗೆ ಅದೇ ಇಷ್ಟ. `File > Make a copy` ಒತ್ತಿ ಫೈಲಿನ ನಕಲು ತೆಗೆಯಿರಿ. ನಕಲಿನ ಮಾಸ್ಟರಿಗೆ ಹೋಗಿ ಶೀರ್ಷಿಕೆ ಮತ್ತು ವಿವರದ ಬಣ್ಣವನ್ನು ಕಣ್ಣು ಕುಕ್ಕುವ ಗುಲಾಬಿಗೆ ಬದಲಿಸಿ. ಎಡಗಡೆಯ ಪಟ್ಟಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರೆ ಸಾಕು. ಗುಲಾಬಿಯಾಗದೆ ಉಳಿದ ಸಾಲುಗಳೆಲ್ಲ ಯಾರೋ ಕೈಯಿಂದ ಬಣ್ಣ ಹಚ್ಚಿದವು, ಇಲ್ಲವೇ ಬಿಡಿ ಚೌಕಗಳು. ಅವುಗಳ ಪಟ್ಟಿ ಮಾಡಿಕೊಂಡು ನಕಲನ್ನು ಎಸೆದು, ಮೂಲ ಫೈಲಿನಲ್ಲಿ ಸರಿಪಡಿಸಿ. ಕೈಯಿಂದ ಹಚ್ಚಿದ ಅಳತೆ ಬಣ್ಣಗಳಾದರೆ, ಬರಹವನ್ನು ಆರಿಸಿ `Ctrl+\` ಒತ್ತಿದರೆ ತೊಲಗುತ್ತವೆ. ಬಿಡಿ ಚೌಕವಾದರೆ `Slide > Apply layout` ಮೂಲಕ ಸರಿಯಾದ ಲೇಔಟು ತಂದು, ಬರಹವನ್ನು ಅದರೊಳಗೆ ವರ್ಗಾಯಿಸಿ, ಚೌಕವನ್ನು ಅಳಿಸಬೇಕು. ಪವರ್‌ಪಾಯಿಂಟ್ ಬಳಸುವವರಿಗೆ ಈ ಸುತ್ತೂ ಬೇಡ. `View > Outline View` ತೆರೆದರೆ ನಿಜವಾದ ಜಾಗಗಳಲ್ಲಿರುವ ಬರಹ ಮಾತ್ರ ಕಾಣುತ್ತದೆ. ಅಲ್ಲಿ ಹೆಸರಿಲ್ಲದೆ ಬರೀ ಸಂಖ್ಯೆಯಾಗಿ ನಿಂತ ಸ್ಲೈಡಿನ ಶೀರ್ಷಿಕೆ ಬಿಡಿ ಚೌಕದಲ್ಲಿದೆ ಎಂದು ತಿಳಿಯಬೇಕು.

ಹಾಗಾದರೆ ಶೀರ್ಷಿಕೆ ಉದ್ದವಾದವರು ಏನು ಮಾಡಬೇಕು? ಶೀರ್ಷಿಕೆಯನ್ನು ಚಿಕ್ಕದು ಮಾಡಬೇಕು. ಅದಾಗದಿದ್ದರೆ ಮಾಸ್ಟರ್ ನೋಡಿಕೊಳ್ಳುವವರಿಗೆ ಹೇಳಿ, ಎರಡು ಸಾಲಿನ ಶೀರ್ಷಿಕೆಗೆಂದೇ ಒಂದು ಲೇಔಟು ಮಾಡಿಸಿಕೊಳ್ಳಬೇಕು. ಮಾಸ್ಟರಿಗೆ ಕೈ ಹಾಕುವವರು ಒಬ್ಬರೇ ಇರಬೇಕು. ನಮ್ಮ ಸಂಘದಲ್ಲಿ ಅದು ಕಾಲೇಜಿನ ಹುಡುಗಿ. ಅಲ್ಲಿ ಮಾಡಿದ ಒಂದು ಬದಲಾವಣೆ ಎಲ್ಲರ ಸ್ಲೈಡನ್ನೂ ಮುಟ್ಟುವುದರಿಂದ, ಬೇರೆಯವರು ಫೈಲಿನೊಳಗೆ ಇಲ್ಲದ ಹೊತ್ತು ನೋಡಿ ಮಾಡುವುದು ಒಳ್ಳೆಯದು. ಬರೆಯುತ್ತಿರುವಾಗಲೇ ಅಕ್ಷರ ಹಿಗ್ಗಿ ಕುಗ್ಗಿದರೆ ಅವರು ಗಾಬರಿಯಾಗಿ ಮತ್ತೆ ಕೈಯಿಂದ ಸರಿಮಾಡಲು ಹೋಗುತ್ತಾರೆ, ಅದೇ ರೋಗ ಮರುಕಳಿಸುತ್ತದೆ.

ಕೈಯೇ ಹಾಕದೆ ಅಳತೆ ಕೆಡುವ ಬಗೆಯೊಂದಿದೆ. ಜಾಗ ಸಾಲದಾದಾಗ ಬರಹವನ್ನು ತಾನೇ ಕುಗ್ಗಿಸುವ `Shrink text on overflow` ಎಂಬ ಆಯ್ಕೆ ಅದು. ಲೆಕ್ಕಿಗರು ಎರಡು ಸಾಲು ಹೆಚ್ಚಿಗೆ ಬರೆದರೆ ಅವರ ಸ್ಲೈಡಿನ ಅಕ್ಷರ ಮಾತ್ರ ಚಿಕ್ಕದಾಗುತ್ತದೆ, ಪಕ್ಕದ್ದು ದೊಡ್ಡದೇ ಇರುತ್ತದೆ. ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತ ಹಿರಿಯ ಸದಸ್ಯರಿಗೆ ಒಂದು ಸ್ಲೈಡು ಕಾಣುತ್ತದೆ, ಮುಂದಿನದು ಕಾಣುವುದಿಲ್ಲ. `Format options` ಒಳಗಿನ `Text fitting`ನಲ್ಲಿ `Do not autofit` ಎಂದು ಮಾಡಿದರೆ ಬರಹ ಚೌಕದಿಂದ ಹೊರಗೆ ಚೆಲ್ಲುತ್ತದೆ. ಚೆಲ್ಲಲಿ. ಹೆಚ್ಚಾಯಿತು ಎಂದು ಬರೆದವರಿಗೆ ಅಲ್ಲೇ ಗೊತ್ತಾಗುತ್ತದೆ.

ಕಾಪಿ ಪೇಸ್ಟಿನ ಜೊತೆ ಒಳಬರುವುದು

ಗೋದಾಮಿನವರು ಹೋದ ವರ್ಷದ ಪಿಪಿಟಿಯಿಂದ ನಾಲ್ಕು ಸ್ಲೈಡು ತಂದು ಅಂಟಿಸುತ್ತಾರೆ. ಅಂಟಿಸಿದೊಡನೆ ಸ್ಲೈಡಿನ ಹತ್ತಿರ ಪುಟ್ಟದೊಂದು ಆಯ್ಕೆ ಕಾಣಿಸಿಕೊಂಡು, ಹಳೆಯ ರೂಪವನ್ನೇ ಇಟ್ಟುಕೊಳ್ಳಲೋ, ಈ ಫೈಲಿನ ರೂಪಕ್ಕೆ ಹೊಂದಿಸಲೋ ಎಂದು ಕೇಳುತ್ತದೆ. ಹಳೆಯದನ್ನು ಇಟ್ಟುಕೊಂಡರೆ ಬರೀ ನಾಲ್ಕು ಸ್ಲೈಡು ಬರುವುದಿಲ್ಲ. ಅವುಗಳ ಹಿಂದೆ ಹೋದ ವರ್ಷದ ಮಾಸ್ಟರೂ ತನ್ನ ಲೇಔಟುಗಳ ಸಂಸಾರ ಸಮೇತ ಬಂದು ಇಳಿಯುತ್ತದೆ. ಈಗ ಒಂದೇ ಫೈಲಿನಲ್ಲಿ ಎರಡು ಮಾಸ್ಟರ್. ಹುಡುಗಿ ತನ್ನ ಮಾಸ್ಟರಿನಲ್ಲಿ ಏನು ತಿದ್ದಿದರೂ ಆ ನಾಲ್ಕು ಸ್ಲೈಡುಗಳಿಗೆ ಅದು ಕೇಳಿಸುವುದಿಲ್ಲ. ಪವರ್‌ಪಾಯಿಂಟಿನಲ್ಲಿ ಇದರ ಗುರುತು ನಿಚ್ಚಳ: ಮಾಸ್ಟರುಗಳ ಪಟ್ಟಿಯಲ್ಲಿ `1_Office Theme` ಎಂದು ಅಂಕಿ ಹೊತ್ತ ಹೆಸರು ಕಂಡರೆ ಹೊರಗಿನದೊಂದು ಒಳಬಂದಿದೆ ಎಂದೇ ಅರ್ಥ.

ಈ ಫೈಲಿನ ರೂಪಕ್ಕೆ ಹೊಂದಿಸು ಎಂದರೂ ಎಲ್ಲ ಸರಿಹೋಗುವುದಿಲ್ಲ. ಹಳೆಯ ಸ್ಲೈಡಿನಲ್ಲಿ ಬಿಡಿ ಚೌಕಗಳೂ ಕೈಯಿಂದ ಹಚ್ಚಿದ ಬಣ್ಣಗಳೂ ಇದ್ದರೆ ಅವು ಹಾಗೇ ಬರುತ್ತವೆ. ಅದಕ್ಕೇ ಸ್ಲೈಡುಗಳನ್ನು ತರುವುದಕ್ಕಿಂತ, ಇಲ್ಲಿನ ಲೇಔಟಿನಲ್ಲಿ ಹೊಸ ಸ್ಲೈಡು ತೆರೆದು ಬರಹವನ್ನಷ್ಟೇ `Ctrl+Shift+V` ಒತ್ತಿ ಅಂಟಿಸುವುದು ಮೇಲು. ಹೀಗೆ ಅಂಟಿಸಿದಾಗ ಹಳೆಯ ಫಾಂಟು, ಬಣ್ಣ, ಅಳತೆ ಹೊರಗೇ ಉಳಿದು ಅಕ್ಷರ ಮಾತ್ರ ಒಳಬರುತ್ತದೆ. ಐದು ನಿಮಿಷ ಹೆಚ್ಚು ಹಿಡಿಯಬಹುದು, ಕೊನೆಯ ರಾತ್ರಿಯ ಎರಡು ಗಂಟೆ ಉಳಿಯುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇಲ್ಲಿ ಇನ್ನೊಂದು ಹಳ್ಳವಿದೆ. ಲೆಕ್ಕಿಗರ ಹಳೆಯ ಕಡತಗಳೆಲ್ಲ ನುಡಿಯ ಹಳೆಯ ಫಾಂಟಿನಲ್ಲಿವೆ. ಅವರು "ಸಂಘದ" ಎಂಬ ಪದವನ್ನು ಕಾಪಿ ಮಾಡಿ ಸ್ಲೈಡಿಗೆ ಹಾಕಿದರೆ ಪರದೆಯ ಮೇಲೆ ಮೂಡುವುದು ಹೀಗೆ:

```
¸ÀAWÀzÀ
```

ಇದು ಕೆಟ್ಟ ಫೈಲಲ್ಲ. ಆ ಕಾಲದ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರವನ್ನು ಕೂರಿಸಿದ್ದವು. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಕನ್ನಡ, ಇಲ್ಲದ ಕಡೆ ಈ ಅಕ್ಷರಗಳು. ಗೂಗಲ್ ಸ್ಲೈಡ್ಸ್‌ನಲ್ಲಿ ಆ ಫಾಂಟು ಇಲ್ಲ. ಪವರ್‌ಪಾಯಿಂಟಿನಲ್ಲಾದರೆ ಲೆಕ್ಕಿಗರ ಯಂತ್ರದಲ್ಲಿ ಸರಿಯಾಗಿ ಕಂಡು, ಉಳಿದ ನಾಲ್ವರಿಗೆ ಹೀಗೆ ಕಾಣುತ್ತದೆ. ಇನ್ನೂ ಅಪಾಯದ ಸಂಗತಿಯೆಂದರೆ, ಹುಡುಗಿ ಆ ಬರಹದ ಫಾಂಟನ್ನು ಬದಲಿಸಿದ ಮರುಕ್ಷಣ ಲೆಕ್ಕಿಗರ ಪರದೆಯಲ್ಲೂ ಇದೇ ಆಗುತ್ತದೆ, ಅವರು ತಮ್ಮ ಕೆಲಸವನ್ನು ಯಾರೋ ಹಾಳುಮಾಡಿದರು ಎಂದುಕೊಳ್ಳುತ್ತಾರೆ. ದಾರಿ ಒಂದೇ: ಅಂಟಿಸುವ ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ನುಡಿ, ಬರಹ ಎರಡರಲ್ಲೂ ಅದಕ್ಕೆ ಸಾಧನವಿದೆ. ಪರಿವರ್ತನೆಯಾದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾರೆ ನೋಡಬೇಕು, ಎಡವಟ್ಟಾಗುವುದು ಅಲ್ಲೇ.

ಯೂನಿಕೋಡಾದರೂ ಫಾಂಟನ್ನು ಹೆಸರಿಸಿ ಆರಿಸಿ. ಮಾಸ್ಟರಿನಲ್ಲಿ ಕನ್ನಡವೇ ಇಲ್ಲದ ಇಂಗ್ಲಿಷ್ ಫಾಂಟು ಇದ್ದರೆ, ಕನ್ನಡ ಅಕ್ಷರಕ್ಕೆ ಪ್ರತಿ ಕಂಪ್ಯೂಟರೂ ತನ್ನಲ್ಲಿರುವ ಯಾವುದೋ ಒಂದನ್ನು ತಂದು ತೋರಿಸುತ್ತದೆ. ಒಬ್ಬರ ಪರದೆಯಲ್ಲಿ ಒಂದೇ ಸಾಲಿನಲ್ಲಿ ಕೂತಿದ್ದು ಇನ್ನೊಬ್ಬರಲ್ಲಿ ಎರಡು ಸಾಲಾಗುತ್ತದೆ. ಇಬ್ಬರೂ ಸರದಿಯಂತೆ "ಸರಿಪಡಿಸುತ್ತಾ" ಹೋದರೆ ಅದಕ್ಕೆ ಕೊನೆಯೇ ಇಲ್ಲ. ಗೂಗಲ್ ಸ್ಲೈಡ್ಸ್‌ನಲ್ಲಿ `Noto Sans Kannada` ಎಂದು ಮಾಸ್ಟರಿನಲ್ಲೇ ನಿಗದಿ ಮಾಡಿದರೆ ಫಾಂಟು ಅಂತರ್ಜಾಲದಿಂದಲೇ ಬರುವುದರಿಂದ ಎಲ್ಲರಿಗೂ ಒಂದೇ ರೂಪ ಕಾಣುತ್ತದೆ. ಸಾಲುಗಳ ನಡುವಿನ ಅಂತರವನ್ನೂ ಅಲ್ಲೇ ಸ್ವಲ್ಪ ಹೆಚ್ಚಿಸಿ. ಪವರ್‌ಪಾಯಿಂಟಿನ ಮಾಮೂಲಿ ಥೀಮಿನಲ್ಲಿ ಅದು 0.9 ಇರುತ್ತದೆ, ಇಂಗ್ಲಿಷಿಗೆ ಸಾಕು. ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತವೆ.

ಅಂಕಿಗಳ ಬಗ್ಗೆಯೂ ಮೊದಲೇ ಒಂದು ಮಾತಾಗಿರಬೇಕು. ಒಬ್ಬರು ೧೨.೫ ಲಕ್ಷ ಎಂದು, ಇನ್ನೊಬ್ಬರು 12,50,000 ಎಂದು, ಯಾವುದೋ ಸ್ಪ್ರೆಡ್‌ಶೀಟಿನಿಂದ ತಂದವರು 1,250,000 ಎಂದು ಬರೆದರೆ ಸದಸ್ಯರು ಯಾವುದನ್ನು ಓದಬೇಕು?

ಅಳಿಸಿ ಹೋದ ಏಳನೇ ಸ್ಲೈಡು

ಮತ್ತೆ ಆ ಏಳನೇ ಸ್ಲೈಡಿಗೆ ಬರೋಣ. ಸಂಜೆ ಆರಕ್ಕೆ ಗೋದಾಮಿನವರು ಫೈಲು ತೆರೆದು ನೋಡಿದರೆ ಮಧ್ಯಾಹ್ನ ಮಾಡಿದ ಕೆಲಸ ಇಲ್ಲ. ತಕ್ಷಣ `Ctrl+Z` ಒತ್ತುತ್ತಾರೆ. ಸ್ಲೈಡು ಬರುವುದಿಲ್ಲ, ಬರುವುದೂ ಸಾಧ್ಯವಿಲ್ಲ. ಹಂಚಿಕೊಂಡ ಫೈಲಿನಲ್ಲಿ ಈ ಗುಂಡಿ ನೀವು ಮಾಡಿದ್ದನ್ನು ಮಾತ್ರ ಹಿಂದಕ್ಕೆ ಒಯ್ಯುತ್ತದೆ, ಬೇರೆಯವರು ಮಾಡಿದ್ದನ್ನಲ್ಲ. ಅಳಿಸಿದವರು ಕಾರ್ಯದರ್ಶಿ. ಅವರು ಇನ್ನೂ ಆ ಟ್ಯಾಬನ್ನು ಮುಚ್ಚಿರದಿದ್ದರೆ ಅವರ ಕಂಪ್ಯೂಟರಿನಲ್ಲೇ `Ctrl+Z` ಒತ್ತಿ ತರಬಹುದು. ಆದ್ದರಿಂದ ಮೊದಲು ಮಾಡಬೇಕಾದದ್ದು ಫೋನು: "ಸರ್, ಪಿಪಿಟಿ ತೆರೆದಿದ್ದರೆ ಮುಚ್ಚಬೇಡಿ, ಹಾಗೇ ಇರಲಿ."

ಅವರು ಮುಚ್ಚಿ ಮನೆಗೆ ಹೊರಟಿದ್ದರೆ `File > Version history > See version history`. ಬಲಗಡೆ ದಿನ, ಹೊತ್ತು, ತಿದ್ದಿದವರ ಹೆಸರು ಸಾಲಾಗಿ ಬರುತ್ತವೆ. ಮಧ್ಯಾಹ್ನದ ಆವೃತ್ತಿಯನ್ನು ಒತ್ತಿದರೆ ಕಳೆದುಹೋದ ಸ್ಲೈಡು ಕಣ್ಣೆದುರಿಗೇ ಕಾಣುತ್ತದೆ. ಮೇಲ್ಗಡೆ `Restore this version` ಎಂಬ ಗುಂಡಿಯೂ ಇರುತ್ತದೆ. ಹೆಚ್ಚಿನವರು ಎರಡನೇ ತಪ್ಪು ಮಾಡುವುದು ಇಲ್ಲಿ. ಆ ಗುಂಡಿ ಒಂದು ಸ್ಲೈಡನ್ನು ತರುವುದಿಲ್ಲ, ಇಡೀ ಫೈಲನ್ನು ಮಧ್ಯಾಹ್ನಕ್ಕೆ ಒಯ್ಯುತ್ತದೆ. ಅಲ್ಲಿಂದೀಚೆಗೆ ಲೆಕ್ಕಿಗರು ಹಾಕಿದ ಜಮಾಖರ್ಚು, ಹುಡುಗಿ ಜೋಡಿಸಿದ ಫೋಟೊ ಎಲ್ಲ ಮರೆಯಾಗುತ್ತವೆ. ಅವು ಇತಿಹಾಸದ ಪಟ್ಟಿಯಲ್ಲಿ ಉಳಿದಿರುತ್ತವೆ ನಿಜ, ಆದರೆ ಆ ಹೊತ್ತಿನಲ್ಲಿ ಬೇರೆಯವರೂ ಒಳಗೆ ಬರೆಯುತ್ತಿದ್ದರೆ ಬಿಡಿಸುವುದು ದೊಡ್ಡ ಗೋಜಲು.

ಅದರ ಬದಲು ಆ ಆವೃತ್ತಿಯ ಪಕ್ಕದ ಮೂರು ಚುಕ್ಕೆ ಒತ್ತಿ `Make a copy` ಎನ್ನಿ. ಮಧ್ಯಾಹ್ನದ ಸ್ಥಿತಿ ಬೇರೊಂದು ಫೈಲಾಗಿ ಸಿಗುತ್ತದೆ. ಅದರಿಂದ ಏಳನೇ ಸ್ಲೈಡೊಂದನ್ನೇ ಕಾಪಿ ಮಾಡಿ ಮೂಲ ಫೈಲಿಗೆ ಅಂಟಿಸಿ, ಬೇರೆ ಫೈಲನ್ನು ಅಳಿಸಿ. ಅಂಟಿಸುವಾಗ ಎರಡು ಸ್ಲೈಡುಗಳನ್ನು ಬೆಸೆದಿಡಲೇ ಎಂದು ಕೇಳಿದರೆ ಬೇಡ ಎನ್ನಬೇಕು.

ಈ ಇತಿಹಾಸದಲ್ಲಿ ಬೇಕಾದದ್ದು ಬೇಗ ಸಿಗಬೇಕಾದರೆ ಹೆಸರು ಕೊಡುವ ರೂಢಿ ಇರಬೇಕು. ಮಾಸ್ಟರ್ ಮುಗಿದಾಗ, ಲೆಕ್ಕಪರಿಶೋಧಕರು ಅಂಕಿಗಳನ್ನು ಒಪ್ಪಿದಾಗ, ಅಧ್ಯಕ್ಷರು ನೋಡಿದ ಮೇಲೆ, ಹೀಗೆ ಮೂರು ನಾಲ್ಕು ಕಡೆ `Name current version` ಒತ್ತಿ ಕನ್ನಡದಲ್ಲೇ ಹೆಸರಿಟ್ಟರೆ ಸಾಕು.

ಪವರ್‌ಪಾಯಿಂಟೇ ಬೇಕೆನ್ನುವವರಿಗೆ

ಪವರ್‌ಪಾಯಿಂಟಿನಲ್ಲಿ ಹಲವರು ಒಟ್ಟಿಗೆ ತಿದ್ದುವ ಅನುಕೂಲ 2010ರ ಆವೃತ್ತಿಯಿಂದಲೇ ಇದೆ. ಆದರೆ ಫೈಲು ಒನ್‌ಡ್ರೈವ್ ಅಥವಾ ಶೇರ್‌ಪಾಯಿಂಟಿನಲ್ಲಿರಬೇಕು, ಈಗಿನ ಆವೃತ್ತಿಗಳಲ್ಲಿ ಮೇಲಿನ ಎಡಮೂಲೆಯ `AutoSave` ಚಾಲೂ ಇರಬೇಕು. ಅದು ಬಂದ್ ಆಗಿದ್ದರೆ ನೀವು ಸೇವ್ ಒತ್ತುವವರೆಗೆ ನಿಮ್ಮ ಕೆಲಸ ಬೇರೆಯವರಿಗೆ ಕಾಣುವುದಿಲ್ಲ, ಒತ್ತಿದಾಗ ಒಂದೇ ವಸ್ತುವಿಗೆ ಎರಡು ಬದಲಾವಣೆ ಸಿಕ್ಕರೆ ಯಾವುದನ್ನು ಇಡಲಿ ಎಂದು ತಂತ್ರಾಂಶ ಕೇಳುತ್ತದೆ. ಹೆಚ್ಚಿನವರು ಓದದೆ ತಮ್ಮದನ್ನೇ ಇಡು ಎನ್ನುತ್ತಾರೆ. ಇನ್ನು ಮೇಲ್‌ ಅಥವಾ ವಾಟ್ಸಾಪಿನಲ್ಲಿ ಬಂದ ಫೈಲನ್ನು ತೆರೆದರಂತೂ ನೀವು ತಿದ್ದುತ್ತಿರುವುದು ಬೇರೆಯದೇ ಪ್ರತಿಯನ್ನು. ಹಂಚಿಕೊಂಡ ಫೈಲಿಗೂ ಅದಕ್ಕೂ ಸಂಬಂಧವಿಲ್ಲ. ಆದಷ್ಟು ಮಟ್ಟಿಗೆ ಐವರೂ ಒಂದೇ ತಂತ್ರಾಂಶದಲ್ಲಿರಲಿ. ಇಬ್ಬರು ಇಲ್ಲಿ, ಮೂವರು ಅಲ್ಲಿ ಎಂದು ಫೈಲನ್ನು ಹಿಂದೆ ಮುಂದೆ ಒಯ್ದರೆ ಪ್ರತಿ ಸಲವೂ ಫಾಂಟು, ಅಂತರ ಒಂದಿಷ್ಟು ಜರುಗುತ್ತವೆ.

ಒಂದು ವಿಷಯ ಮಾತ್ರ ಪವರ್‌ಪಾಯಿಂಟ್ ಬಳಸುವ ಸಂಘಗಳು ಮರೆಯಬಾರದು. ಎಕ್ಸೆಲ್‌ನಿಂದ ನಕ್ಷೆಯನ್ನು ಅಂಟಿಸುವಾಗ `Embed Workbook` ಎಂಬ ಆಯ್ಕೆ ತೆಗೆದುಕೊಂಡರೆ, ಕಾಣುವುದು ನಕ್ಷೆಯೊಂದೇ ಆದರೂ ಆ ಎಕ್ಸೆಲ್ ಪುಸ್ತಕ ಪೂರ್ತಿಯಾಗಿ ಪಿಪಿಟಿಯೊಳಗೆ ಸೇರುತ್ತದೆ. ಪಕ್ಕದ ಹಾಳೆಯಲ್ಲಿ ಸದಸ್ಯರ ಸಾಲ ಬಾಕಿಯ ಪಟ್ಟಿ ಇದ್ದರೆ ಅದೂ ಜೊತೆಗೆ ಹೋಗುತ್ತದೆ. ನಕ್ಷೆಯ ಮೇಲೆ ಬಲಗುಂಡಿ ಒತ್ತಿ `Edit Data` ಎಂದವರಿಗೆಲ್ಲ ಅದು ತೆರೆದುಕೊಳ್ಳುತ್ತದೆ. ಹೊರಗೆ ಹೋಗುವ ಪಿಪಿಟಿಯಲ್ಲಿ ನಕ್ಷೆಯನ್ನು ಚಿತ್ರವಾಗಿ ಅಂಟಿಸುವುದೇ ಕ್ಷೇಮ.

ಹಿಂದಿನ ದಿನ

ಮಹಾಸಭೆಯ ಹಿಂದಿನ ಸಂಜೆ ಕಾರ್ಯದರ್ಶಿ ಎಲ್ಲರ ಹಕ್ಕನ್ನೂ `Commenter`ಗೆ ಇಳಿಸುತ್ತಾರೆ. ತಿದ್ದಬೇಕಾದ್ದು ಇದ್ದರೆ ಟಿಪ್ಪಣಿ ಬರೆಯಲಿ, ಒಬ್ಬರೇ ಕೂತು ತಿದ್ದಲಿ. ರಾತ್ರಿ ಹತ್ತಕ್ಕೆ ಯಾರೋ ಉತ್ಸಾಹದಿಂದ ಹಾಕಿದ ಫೋಟೊ ಬೆಳಗ್ಗೆ ಕೋಷ್ಟಕವನ್ನು ಮುಚ್ಚಿಕೊಂಡಿರುವುದು ಹೀಗೆ ತಪ್ಪುತ್ತದೆ.

ಸಭಾಂಗಣದಲ್ಲಿ ನೆಟ್‌ವರ್ಕ್ ಇರುತ್ತದೆಂಬ ಭರವಸೆ ಇಲ್ಲದ್ದರಿಂದ ಪ್ರತಿಯೊಂದನ್ನು ಇಳಿಸಿಕೊಳ್ಳಲೇಬೇಕು. `.pptx` ಆಗಿ ಇಳಿಸಿದರೆ, ಅಲ್ಲಿನ ಲ್ಯಾಪ್‌ಟಾಪಿನಲ್ಲಿ ನೋಟೊ ಫಾಂಟು ಇಲ್ಲದಿದ್ದರೆ ಬೇರೆ ಫಾಂಟು ಬಂದು ಸಾಲುಗಳು ಜರುಗುತ್ತವೆ. ಪಿಡಿಎಫ್ ಆದರೆ ಫಾಂಟು ಅದರೊಳಗೇ ಇರುವುದರಿಂದ ಮಾಡಿದ ಹಾಗೇ ಕಾಣುತ್ತದೆ, ಆದರೆ ಅನಿಮೇಶನ್, ವಿಡಿಯೊ ಓಡುವುದಿಲ್ಲ. ಸಂಘದ ವರದಿಗೆ ಅನಿಮೇಶನ್ನಿನ ಅಗತ್ಯವೇನೂ ಇಲ್ಲ, ಪಿಡಿಎಫ್ ಸಾಕು. `Skip slide` ಮಾಡಿದ ಹಂಚಿಕೆಯ ಪುಟ ಅದರೊಳಗೆ ಸೇರಿಲ್ಲವೆಂದು ಒಮ್ಮೆ ತೆರೆದು ನೋಡಿಕೊಳ್ಳಿ.

ಸಭೆಯಲ್ಲೇ ಸದಸ್ಯರೊಬ್ಬರು ಎದ್ದು ಒಂದು ಅಂಕಿ ತಪ್ಪೆಂದು ತೋರಿಸಿದರೆ ಪಿಡಿಎಫ್‌ನಲ್ಲಿ ತಿದ್ದಲಾಗದು, ತಿದ್ದಲು ಹೋಗಲೂಬಾರದು. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡು, ಸಂಜೆ ಮೂಲ ಫೈಲಿನಲ್ಲಿ ಲೆಕ್ಕಿಗರೇ ತಿದ್ದಿ, "ಸಭೆಯ ನಂತರ" ಎಂದು ಹೆಸರಿಟ್ಟು ಉಳಿಸಲಿ. ಮುಂದಿನ ವರ್ಷದ ಕೆಲಸ ಈ ಫೈಲಿನ ನಕಲಿನಿಂದ ಶುರುವಾಗಬೇಕು. ನಕಲಿನಲ್ಲಿ ಸ್ಲೈಡುಗಳನ್ನೆಲ್ಲ ತೆಗೆದು ಶೀರ್ಷಿಕೆಯ ಒಂದನ್ನಷ್ಟೇ ಉಳಿಸಿದರೆ ಮಾಸ್ಟರು, ಲೇಔಟು, ಫಾಂಟು, ಬಣ್ಣ ಎಲ್ಲ ಸಿದ್ಧವಾಗಿರುತ್ತವೆ. ಗೋದಾಮಿನವರು ಈ ವರ್ಷದ ನಾಲ್ಕು ಸ್ಲೈಡುಗಳನ್ನು ಮತ್ತೆ ತಂದು ಅಂಟಿಸಿದರೂ ಎರಡೂ ಕಡೆಯ ರೂಪ ಒಂದೇ ಆದ್ದರಿಂದ ಆಗ ಜಗಳವಿಲ್ಲ.